ಸಹಾಯ ಬೇಕು: ಪಾರಸಿಯ ‘ಊ’ ಇಂಗ್ಲಿಷಿನಲ್ಲಿ ‘ಹೀ’ ಆಗಬೇಕೋ ‘ಶೀ’ ಆಗಬೇಕೋ?

ಪಾರಸಿ ಬಲ್ಲವರು, ಅನುವಾದ ಮಾಡುವವರು ದಯವಿಟ್ಟು ದಾರಿ ತೋರಿಸಿ. ಒಂದು ಪಾರಸಿ ಸಣ್ಣಕಥೆಯನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಆ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ‘ಊ’ ಒಂದೇ, ಕ್ರಿಯಾಪದದಲ್ಲೂ ಲಿಂಗವಿಲ್ಲ. ‘ಆಮದ್’ ಎಂದರೆ ಬಂದನೂ ಹೌದು, ಬಂದಳೂ ಹೌದು.

ಕಥೆಯಲ್ಲಿ ನುಸ್ರತ್ ಎಂಬ ನೆರೆಯವರು ಬರುತ್ತಾರೆ. ಈ ಹೆಸರು ಗಂಡಸರಿಗೂ ಇದೆ, ಹೆಂಗಸರಿಗೂ ಇದೆ. ‘ಹಮ್ಸಾಯೆ’, ಅಂದರೆ ನೆರೆಯವರು ಎಂಬ ಪದವೂ ಸುಳಿವು ಕೊಡುವುದಿಲ್ಲ. ನಾನು ಮೂರು ಪುಟ ‘ಹೀ’ ಎಂದೇ ಬರೆದೆ. ನಾಲ್ಕನೆಯ ಪುಟದಲ್ಲಿ ‘ನುಸ್ರತ್ ಖಾನುಮ್’ ಎಂದು ಬಂತು! ಖಾನುಮ್ ಹೆಂಗಸಿಗೆ ಹೇಳುವ ಗೌರವದ ಮಾತು. ಎಲ್ಲವನ್ನೂ ತಿದ್ದಬೇಕಾಯಿತು.

ಈಗ ಕಾಡುವುದು ಈ ವಾಕ್ಯ: ‘ದಸ್ತಶ್ ರಾ ಗೆರೆಫ್ತ್’. ಕೈ ಹಿಡಿದದ್ದು ಯಾರು, ಯಾರ ಕೈ? ಪಕ್ಕದಲ್ಲಿ ಮನೆಯೊಡತಿಯೂ ಇದ್ದಾಳೆ. ‘ಶೀ ಟುಕ್ ಹರ್ ಹ್ಯಾಂಡ್’ ಎಂದರೆ ಇಬ್ಬರೂ ಕಲಸಿಹೋಗುತ್ತಾರೆ. ಹೆಸರು ಹಾಕಿದರೆ ಅರ್ಥವಾಗುತ್ತದೆ, ಆದರೆ ಪ್ರತಿ ಸಾಲಿಗೂ ಹಾಕಿದರೆ ಓಟ ಕೆಡುತ್ತದೆ.

ಮೊದಲ ಮೂರು ಪುಟಗಳಲ್ಲಿ ಲಿಂಗವನ್ನು ಮುಚ್ಚಿಡಬೇಕೇ? ಪಾರಸಿ ಓದುಗರಿಗೆ ಅಲ್ಲಿ ಮುಚ್ಚಿಟ್ಟದ್ದೇನೂ ಕಾಣಿಸದು. ಇಂಗ್ಲಿಷಿನಲ್ಲಿ ‘ದ ನೈಬರ್’ ಎಂದೇ ಎಳೆದರೆ ಇಲ್ಲದ ಕುತೂಹಲ ಹುಟ್ಟುತ್ತದೆ. ಕನ್ನಡವಾದರೆ ‘ಬಂದರು’ ಎಂದು ಗೌರವದ ಬಹುವಚನ ಬಳಸಿ ಪಾರಾಗುತ್ತಿದ್ದೆ. ಆರಂಭದಿಂದಲೇ ‘ಶೀ’ ಎನ್ನುವುದೇ ಸರಿ ಎಂದು ನನಗನ್ನಿಸುತ್ತದೆ. ನೀವು ಹೇಗೆ ನಿಭಾಯಿಸಿದ್ದೀರಿ?