ರಾತ್ರಿ ಮಾತ್ರೆ, ಒಣ ಬಾಯಿ, ಹಲ್ಲಿನ ಹುಳುಕು

ಪ್ರಶ್ನೆ: ಅಮ್ಮನಿಗೆ 62. ಸರ್ಪಸುತ್ತಿನ ನೋವು ಉಳಿದುಕೊಂಡಿದ್ದರಿಂದ ಮೂರು ವರ್ಷದಿಂದ ರಾತ್ರಿ ಅಮಿಟ್ರಿಪ್ಟಿಲಿನ್ 25 ಮಿಲಿಗ್ರಾಂ, ಜೊತೆಗೆ ಅಲರ್ಜಿಗೆ ಸೆಟಿರಿಜಿನ್. ಬಾಯಿ ಒಣಗುತ್ತದೆ ಅಂತ ಕಲ್ಲುಸಕ್ಕರೆ ಚೀಪುತ್ತಾರೆ. ಶುಗರ್ ಇಲ್ಲ, ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತಾರೆ. ಆದರೂ ಕೆಳಗಿನ ಮುಂದಿನ ಹಲ್ಲುಗಳಲ್ಲಿ ಒಸಡಿನ ಹತ್ತಿರ ಹುಳುಕು. ಯಾಕೆ ಡಾಕ್ಟ್ರೇ?

ದಂತವೈದ್ಯೆ: ನಾಲಿಗೆ ಕೆಳಗೆ ಜೊಲ್ಲು ಬರುವ ರಂಧ್ರ ಇರುವುದೇ ಆ ಹಲ್ಲುಗಳ ಹಿಂದೆ. ಯಾವಾಗಲೂ ಒದ್ದೆಯಾಗಿರುವುದರಿಂದ ಅವು ಸುಲಭಕ್ಕೆ ಹುಳುಕಾಗುವುದಿಲ್ಲ. ಅಲ್ಲೇ ಹುಳುಕು ಬಂದರೆ ನಾನು ಮೊದಲು ಔಷಧಿ ಚೀಟಿ ಕೇಳುತ್ತೇನೆ. ಅಮಿಟ್ರಿಪ್ಟಿಲಿನ್ ಜೊಲ್ಲಿನ ಗ್ರಂಥಿಗೆ ಹೋಗುವ ಸಂದೇಶವನ್ನೇ ತಡೆಯುತ್ತದೆ, ಸೆಟಿರಿಜಿನ್ ಅದಕ್ಕೆ ಸ್ವಲ್ಪ ಸೇರಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಹೇಗೂ ಕಡಿಮೆ, ಎರಡೂ ಮಾತ್ರೆ ರಾತ್ರಿಯೇ ಬಿದ್ದರೆ ಬೆಳಗ್ಗೆವರೆಗೂ ಬಾಯಿಯ ಆಮ್ಲವನ್ನು ತೊಳೆಯುವವರೇ ಇಲ್ಲ. ಅದರ ಮೇಲೆ ಕಲ್ಲುಸಕ್ಕರೆ! ಇವತ್ತೇ ನಿಲ್ಲಿಸಿ. ಬದಲಿಗೆ ಸಕ್ಕರೆ ಇಲ್ಲದ ಕ್ಸೈಲಿಟಾಲ್ ಚೂಯಿಂಗ್ ಗಮ್ ಊಟದ ನಂತರ ಹತ್ತು ನಿಮಿಷ ಅಗಿಯಲಿ, ಅಗಿಯುವುದರಿಂದಲೇ ಜೊಲ್ಲು ಬರುತ್ತದೆ. ಮಲಗುವ ಮುಂಚೆ ಹಲ್ಲುಜ್ಜಿ ಉಗುಳಲಿ, ಆಮೇಲೆ ಬಾಯಿ ಮುಕ್ಕಳಿಸುವುದು ಬೇಡ. ಪೇಸ್ಟಿನ ಫ್ಲೋರೈಡ್ ರಾತ್ರಿಯೆಲ್ಲ ಹಲ್ಲಿಗೆ ಅಂಟಿರಬೇಕು.

ಒಬ್ಬ ಸದಸ್ಯರು: ನಿಂಬೆಹಣ್ಣು ಚೀಪಿದರೆ ಬಾಯಲ್ಲಿ ನೀರು ಬರುತ್ತದೆ, ಅಷ್ಟೇ ಸಾಕಲ್ವಾ?

ದಂತವೈದ್ಯೆ: ನೀರು ಬರುವುದು ನಿಜ ಸಾರ್. ಆದರೆ ಇವರ ಬಾಯಲ್ಲಿ ಆ ಹುಳಿಯನ್ನು ತಣಿಸುವಷ್ಟು ಜೊಲ್ಲು ಬರುವುದಿಲ್ಲ, ಹಲ್ಲು ಸವೆಯುತ್ತದೆ. ಹುಣಸೆ, ಹುಳಿ ಪೆಪ್ಪರ್‌ಮಿಂಟೂ ಬೇಡ.

ಇನ್ನೊಬ್ಬರು: ನಾನೂ ಬಿಪಿಗೆ ಆಮ್ಲೋಡಿಪಿನ್ ತಗೊಳ್ತೀನಿ, ಒಸಡು ಊದಿದೆ. ಇದೇ ತೊಂದರೆನಾ?

ದಂತವೈದ್ಯೆ: ಅದು ಬೇರೆ. ಆ ಮಾತ್ರೆಯಿಂದ ಕೆಲವರಿಗೆ ಒಸಡೇ ಬೆಳೆಯುತ್ತದೆ. ತೋರಿಸಿಕೊಳ್ಳಿ, ಮಾತ್ರೆ ಬರೆದುಕೊಟ್ಟವರಿಗೂ ಹೇಳಿ.

ಪಾವಗಡದ ಸದಸ್ಯರು: ನಮ್ಮ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ. ನಮ್ಮ ಕಡೆಯವರು ಪೇಸ್ಟಲ್ಲೂ ಹಾಕಿಕೊಂಡರೆ?

ದಂತವೈದ್ಯೆ: ಭಯ ಸಹಜ. ಆದರೆ ಅಲ್ಲಿ ಕೆಡುಕು ಮಾಡುವುದು ವರ್ಷಗಟ್ಟಲೆ ಕುಡಿದ ನೀರು. ಪೇಸ್ಟನ್ನು ಉಗುಳುತ್ತೇವೆ. ಹಲ್ಲಿನ ಕಲೆ ಮೂಡುವುದೂ ಚಿಕ್ಕಂದಿನಲ್ಲಿ, ಹಲ್ಲು ಬೆಳೆಯುವಾಗ. ಒಣ ಬಾಯಿಯ ದೊಡ್ಡವರಿಗೆ ನಾನು ಮೂರು ತಿಂಗಳಿಗೊಮ್ಮೆ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಬಳಿಯುತ್ತೇನೆ.

ಪ್ರಶ್ನೆ ಕೇಳಿದವರು: ಮಾತ್ರೆ ನಿಲ್ಲಿಸಿಬಿಡಲಾ?

ದಂತವೈದ್ಯೆ: ಬೇಡಮ್ಮಾ, ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ತಲೆನೋವು, ವಾಕರಿಕೆ, ನಿದ್ದೆಗೇಡು ಬರಬಹುದು. ಡೋಸ್ ಇಳಿಸಲಾಗುತ್ತದಾ, ಅಥವಾ ಗ್ಯಾಬಾಪೆಂಟಿನ್ ಥರದ್ದಕ್ಕೆ ಬದಲಾಯಿಸಬಹುದಾ ಅಂತ ನೋವಿನ ಡಾಕ್ಟರನ್ನೇ ಕೇಳಿ. ಸೆಟಿರಿಜಿನ್ ದಿನಾ ಬೇಕಾ ಅಂತಲೂ ಕೇಳಿ, ಎಷ್ಟೋ ಸಲ ಅದು ಸುಮ್ನೆ ಮುಂದುವರಿದಿರುತ್ತದೆ.

ಪ್ರಶ್ನೆ ಕೇಳಿದವರು: ಅಮ್ಮ ಒಪ್ಪುವುದು ಕಷ್ಟ ಡಾಕ್ಟ್ರೇ, ಡೋಸ್ ಇಳಿಸಿದರೆ ನೋವು ವಾಪಸ್ ಬರುತ್ತದೆ ಅಂತಾರೆ.

ದಂತವೈದ್ಯೆ: ಆ ನೋವು ಸಣ್ಣದಲ್ಲ, ಅವರ ಮಾತಿಗೂ ಬೆಲೆ ಕೊಡಬೇಕು. ಮಾತ್ರೆ ಹಾಗೇ ಇದ್ದರೂ ಕಲ್ಲುಸಕ್ಕರೆ ಬಿಡಿಸಿ, ವಾರ್ನಿಶ್ ಹಾಕಿಸಿ. ನಾಲಿಗೆ ಉರಿದರೆ ಅಥವಾ ಬಿಳಿ ಪೊರೆ ಕಂಡರೆ ಬೇಗ ಕರೆತನ್ನಿ, ಒಣ ಬಾಯಲ್ಲಿ ಫಂಗಸ್ ಬೇಗ ಹಿಡಿಯುತ್ತದೆ.