ಪದಚರ್ಚೆ: ಷೇರು ‘ವಿಭಜನೆ’, ಕಂಪನಿ ‘ವಿಭಜನೆ’, ಸ್ಟ್ರೈಕ್ ಬೆಲೆಯ ‘ಹೊಂದಾಣಿಕೆ’

ಎಲ್ಲರಿಗೂ ನಮಸ್ಕಾರ.

ವಾರಕ್ಕೊಂದು ಹಣಕಾಸು ಅಂಕಣದ ಪ್ರತಿ ತಿದ್ದುವ ಕೆಲಸ ನನ್ನದು. ಕಳೆದ ವಾರ ನಾನೇ ಒಪ್ಪಿ ಕಳಿಸಿದ ಒಂದು ವಾಕ್ಯ ಹೀಗಿತ್ತು: “ಕಂಪನಿಯಲ್ಲಿ ವಿಭಜನೆಯಾದಾಗ ಆಪ್ಷನ್‌ಗಳ ಸ್ಟ್ರೈಕ್ ಬೆಲೆ ಹೊಂದಾಣಿಕೆಯಾಗುತ್ತದೆ.” ಆಪ್ಷನ್ ಎಂದರೆ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು, ಆ ಬೆಲೆಯೇ ಸ್ಟ್ರೈಕ್. ಓದಿದವರೊಬ್ಬರು ಫೋನ್ ಮಾಡಿ, “ಅಮ್ಮಾ, ಇದು ಯಾವ ವಿಭಜನೆ? ಟಾಟಾ ಸ್ಟೀಲ್‌ದೋ, ರಿಲಯನ್ಸ್‌ದೋ?” ಅಂದರು. ಒಂದು ಷೇರನ್ನು ಹಲವು ಮಾಡಿದರೆ ಆಪ್ಷನ್ ಮುಂದುವರಿಯುತ್ತದೆ, ಕಂಪನಿಯ ಒಂದು ಭಾಗ ಬೇರೆಯಾದರೆ ಹಿಂದಿನ ದಿನವೇ ಮುಗಿಯುತ್ತದೆ ಎಂದು ಅವರೇ ಬಿಡಿಸಿ ಹೇಳಿದ ಮೇಲೆ ನನಗೆ ತಪ್ಪು ಕಂಡಿತು. ಪತ್ರಿಕೆಗಳಲ್ಲಿ ಎರಡಕ್ಕೂ ‘ವಿಭಜನೆ’ ಎಂದೇ ಬರೆಯುತ್ತೇವೆ. ಬೇರೆ ಬೇರೆ ಪದ ಬೇಕು. ‘ಹೊಂದಾಣಿಕೆ’ ಕೂಡ ಸರಿಬರುತ್ತಿಲ್ಲ. ಅಕ್ಕಪಕ್ಕದ ಮನೆಯವರು ಹೊಂದಾಣಿಕೆ ಮಾಡಿಕೊಂಡಂತೆ, ಯಾರೋ ಏನೋ ಬಿಟ್ಟುಕೊಟ್ಟಂತೆ ಕೇಳಿಸುತ್ತದೆ. ಬಲ್ಲವರು ತಿಳಿಸಿ.

———

ಮೇಡಂ, ಹುಬ್ಬಳ್ಳಿಯಲ್ಲಿ ಬ್ರೋಕರ್ ಕಚೇರಿಯೊಂದರಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡ್ತಿದೀನಿ. ನಿಮಗೆ ಫೋನ್ ಮಾಡಿದವರು ಹೇಳಿದ್ದು ಸರಿ.

2022ರ ಜುಲೈ 28ರಂದು ಟಾಟಾ ಸ್ಟೀಲ್ ಷೇರಿನ ಮುಖಬೆಲೆ 10 ರೂಪಾಯಿಯಿಂದ 1 ರೂಪಾಯಿಗೆ ಬಂತು. ಒಂದು ಷೇರು ಹತ್ತಾಯಿತು. ಹಿಂದಿನ ದಿನ 950ರ ಕಾಲ್, ಅಂದರೆ 950ಕ್ಕೆ ಕೊಳ್ಳುವ ಆಪ್ಷನ್, ಒಂದು ಲಾಟ್ ಇಟ್ಟುಕೊಂಡಿದ್ದವರಿಗೆ 425 ಷೇರಿನ ಹಕ್ಕಿತ್ತು. ಮಾರನೆ ಬೆಳಿಗ್ಗೆ ಅದೇ ಕಾಲ್ 95ರದ್ದಾಗಿ, ಲಾಟ್ 4,250 ಆಗಿ ಕೂತಿತ್ತು. ಗುಣಿಸಿ ನೋಡಿ: 950 × 425 ಮಾಡಿದರೂ 95 × 4,250 ಮಾಡಿದರೂ 4,03,750 ರೂಪಾಯಿಯೇ. ಆಪ್ಷನ್ ಕೊಳ್ಳೋಕೆ ಷೇರೊಂದಕ್ಕೆ 20 ರೂಪಾಯಿ ಪ್ರೀಮಿಯಂ ಕೊಟ್ಟಿದ್ದರೆ ಅದು ಲೆಕ್ಕದಲ್ಲಿ 2 ರೂಪಾಯಿ ಆಗುತ್ತದೆ. ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಆದರೂ ಇಂಥ ದಿನ ಬೆಳಿಗ್ಗೆ ನಮ್ಮ ಫೋನು ಬಿಡುವಿಲ್ಲದೆ ಬಾರಿಸುತ್ತೆ. “ನನ್ನ 950 ಎಲ್ಲಿ ಹೋಯ್ತು?” ಅಂತ ಕೇಳ್ತಾರೆ.

ರಿಲಯನ್ಸ್ ಕಥೆ ಬೇರೆ. ಅದರಿಂದ ಜಿಯೋ ಫೈನಾನ್ಶಿಯಲ್ ಬೇರೆಯಾಗಿದ್ದು 2023ರ ಜುಲೈ 20ಕ್ಕೆ. ಹೊರಗೆ ಹೋಗುವ ಭಾಗದ ಬೆಲೆ ಎಷ್ಟು ಅಂತ ಮೊದಲೇ ಯಾರಿಗೂ ಗೊತ್ತಿರಲ್ಲ. ಅವತ್ತು ಬೆಳಿಗ್ಗೆ ವಿಶೇಷ ಅವಧಿಯಲ್ಲಿ ವ್ಯಾಪಾರ ನಡೆದ ಮೇಲೇ ಅದು 261.85 ರೂಪಾಯಿ ಅಂತ ಗೊತ್ತಾಗಿದ್ದು. ಭಾಗಿಸೋಕೆ ಅಂಕಿಯೇ ಇಲ್ಲದಿದ್ದರೆ ಹಿಂದಿನ ರಾತ್ರಿ ಸ್ಟ್ರೈಕ್ ಬದಲಿಸೋದು ಹೇಗೆ? ಅದಕ್ಕೇ ಜುಲೈ 19ರ ಸಂಜೆಯೇ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳ ಕರಾರು ಚುಕ್ತಾ ಆಯಿತು. ಸೆಪ್ಟೆಂಬರ್‌ವರೆಗೆ ಸಮಯವಿದೆ ಅಂತ ಪ್ರೀಮಿಯಂ ಕೊಟ್ಟವರಿಗೆ ಆ ಸಮಯ ಸಿಗಲೇ ಇಲ್ಲ. ನಷ್ಟ ಆಗೋದು ಅಲ್ಲಿ.

ವಿಲೀನದಲ್ಲೂ ಹೀಗೇ. ಎಚ್‌ಡಿಎಫ್‌ಸಿ ಲಿಮಿಟೆಡ್ ಆಪ್ಷನ್‌ಗಳು 2023ರ ಜುಲೈ 12ಕ್ಕೇ ಮುಗಿದವು. ಅವು ಎಚ್‌ಡಿಎಫ್‌ಸಿ ಬ್ಯಾಂಕಿನ ಆಪ್ಷನ್ ಆಗಿ ಬದಲಾಗಲಿಲ್ಲ.

———

ಕ್ಷಮಿಸಿ, ಕೊನೆಯ ಮಾತು ಒಪ್ಪಲಾರೆ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ಷೇರಿಗೆ ಷೇರು ಕೊಡುವ ವಿಲೀನವಾದರೆ ಕರಾರು ಮುಗಿಯುವುದಿಲ್ಲ. ನೂರು ಹಳೆಯ ಷೇರಿನ ಜಾಗದಲ್ಲಿ ಅದಕ್ಕೆ ಬದಲಾಗಿ ಬರುವ ಹೊಸ ಕಂಪನಿಯ ಷೇರು, ಜೊತೆಗೆ ನಗದು ಬಂದರೆ ಆ ನಗದು, ಎರಡನ್ನೂ ಕೊಡುವ ಕರಾರಾಗಿ ಮುಂದುವರಿಯುತ್ತದೆ. ಸ್ಟ್ರೈಕ್ ಸಾಮಾನ್ಯವಾಗಿ ಇದ್ದ ಹಾಗೇ ಇರುತ್ತದೆ. ಆದ್ದರಿಂದ ‘ಮಾರ್ಪಾಡು’ ಎನ್ನುವುದೇ ಸರಿಯಾದ ಪದ.

———

ಸಾರ್, ಅಮೆರಿಕದ ಮಟ್ಟಿಗೆ ನೀವು ಹೇಳಿದ್ದು ನಿಜ. ನಾನು ಹೇಳಿದ್ದು ನಮ್ಮ ಷೇರುಪೇಟೆ ಎನ್‌ಎಸ್‌ಇ ಪದ್ಧತಿ. ಮೇಡಂ ಅಂಕಣ ಓದುವವರು ವ್ಯಾಪಾರ ಮಾಡೋದು ಇಲ್ಲಿ. — ಹುಬ್ಬಳ್ಳಿ

———

ನಾನು ನಿವೃತ್ತ ಗಣಿತದ ಮೇಷ್ಟ್ರು. ಷೇರು ಒಡೆದಾಗ ಸ್ಟ್ರೈಕನ್ನು ಅನುಪಾತದಿಂದ ಭಾಗಿಸಿದರೆ ಮುಗಿಯಿತಲ್ಲ? 2019ರ ಮಾರ್ಚ್‌ನಲ್ಲಿ ವಿಪ್ರೋ 1:3 ಬೋನಸ್ ಕೊಟ್ಟಿತು. ಹಾಗಾದರೆ ಸ್ಟ್ರೈಕನ್ನು ಮೂರರಿಂದ ಭಾಗಿಸಬೇಕು. ‘ಭಾಗಿಸಿದ ಸ್ಟ್ರೈಕ್’ ಎಂದೇ ಬರೆದುಬಿಡಿ.

———

ಮೇಷ್ಟ್ರೇ, ಭಾಗಿಸೋದು ಸರಿ, ಮೂರರಿಂದ ಅಲ್ಲ. ಮೂರು ಷೇರಿದ್ದವರಿಗೆ ಒಂದು ಹೊಸದು, ಅಂದರೆ ಮೂರು ಹೋಗಿ ನಾಲ್ಕಾಯಿತು. ಭಾಗಿಸಬೇಕಾದದ್ದು ಮೂರನೇ ನಾಲ್ಕರಿಂದ, ಅಂದರೆ 4/3ರಿಂದ. 360ರ ಸ್ಟ್ರೈಕ್ 270 ಆಯಿತು, 2,400ರ ಲಾಟ್ 3,200 ಆಯಿತು. 365 ಇದ್ದದ್ದು 273.75 ಆಯಿತು. ಇಂಥ ಮುರುಕು ಸ್ಟ್ರೈಕ್ ಇಟ್ಟುಕೊಂಡವರು ಒಂದು ವಿಷಯ ಗಮನಿಸಬೇಕು. ಆಮೇಲೆ ಬರುವ ಹೊಸ ಕರಾರುಗಳು ದುಂಡು ಅಂಕಿಯವು, ಜನ ಅತ್ತ ಹೋಗುತ್ತಾರೆ. 273.75ಕ್ಕೆ ಕೊಳ್ಳುವವರೂ ಮಾರುವವರೂ ಕಡಿಮೆಯಾಗಿ, ಅವರ ಬೆಲೆಗಳ ನಡುವಿನ ಅಂತರ ಹಿಗ್ಗುತ್ತದೆ. ಕಾಗದದ ಮೇಲೆ ಲೆಕ್ಕ ಸಮವಾಗಿದ್ದರೂ ಹೊರಬರುವಾಗ ಕೈಗೆ ಸ್ವಲ್ಪ ಕಡಿಮೆ ಸಿಗಬಹುದು.

ಇನ್ನೊಂದು. ಎಲ್ಲದಕ್ಕೂ ‘ಭಾಗಿಸಿದ’ ಅನ್ನೋಕಾಗಲ್ಲ. ಡಿವಿಡೆಂಡ್‌ನಲ್ಲಿ ಭಾಗಾಕಾರ ಇಲ್ಲ, ಕಳೆಯೋದು ಅಷ್ಟೇ. ಲಾಟ್ ಬದಲಾಗಲ್ಲ. ಪತ್ರಿಕೆಯಲ್ಲಿ “ವಿಶೇಷ ಲಾಭಾಂಶ ಬಂದರೆ ಸ್ಟ್ರೈಕ್ ಇಳಿಯುತ್ತದೆ” ಅಂತ ಬರೀತಾರೆ. ಕಂಪನಿ ಅದನ್ನ ವಿಶೇಷ ಅಂತ ಕರೆದರೂ ಬಿಟ್ಟರೂ ಲೆಕ್ಕಕ್ಕಿಲ್ಲ. ಘೋಷಣೆಗೆ ಹಿಂದಿನ ದಿನದ ಮುಕ್ತಾಯ ಬೆಲೆಯ ಶೇ 2ರಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು. ಷೇರುಪೇಟೆಯ ನಿಯಂತ್ರಕ ಸೆಬಿ ಈ ಮಿತಿ ತಂದದ್ದು 2022ರಲ್ಲಿ. ಷೇರು 400 ರೂಪಾಯಿ ಇದ್ದು 9 ರೂಪಾಯಿ ಘೋಷಿಸಿದರೆ ಶೇ 2.25 ಆಯಿತು, 420ರ ಸ್ಟ್ರೈಕ್ 411 ಆಗುತ್ತದೆ. 7 ರೂಪಾಯಿ ಘೋಷಿಸಿದರೆ ಶೇ 1.75, ಸ್ಟ್ರೈಕ್ 420ರಲ್ಲೇ ಉಳಿಯುತ್ತದೆ. ಎಕ್ಸ್ ಡೇಟ್ ದಿನ, ಅಂದರೆ ಷೇರು ಕೊಂಡವರಿಗೆ ಆ ಲಾಭಾಂಶ ಸಿಗದ ಮೊದಲ ದಿನ, ಷೇರು ಆ 7 ರೂಪಾಯಿಯಷ್ಟು ಇಳಿದರೆ ಕಾಲ್ ಇಟ್ಟುಕೊಂಡವರೇ ಅದನ್ನ ಹೊರಬೇಕು. ಮಿತಿ ದಾಟಿದ ಮೇಲೆ ಕಳೆಯೋದು ಇಡೀ ಮೊತ್ತವನ್ನ. 2023ರ ಜನವರಿಯಲ್ಲಿ ಟಿಸಿಎಸ್ ಮಧ್ಯಂತರ ಲಾಭಾಂಶ 8, ವಿಶೇಷ ಲಾಭಾಂಶ 67 ಅಂತ ಎರಡು ಹೆಸರಿನಲ್ಲಿ ಘೋಷಿಸಿತ್ತು. ಇಂಥಲ್ಲಿ ಲೆಕ್ಕಕ್ಕೆ ಬರೋದು 67 ಅಲ್ಲ, 75. — ಹುಬ್ಬಳ್ಳಿ

———

ನನಗೂ ಇದೇ ಆಗಿದೆ! ಕೆಲಸಕ್ಕೆ ಸೇರಿದಾಗ ಕಂಪನಿ ಆಪ್ಷನ್ ಕೊಟ್ಟಿತ್ತು. ಬೋನಸ್ ಬಂದ ಮೇಲೆ ಸಂಖ್ಯೆ ಇಮ್ಮಡಿಯಾಯಿತು, ಕೊಳ್ಳುವ ಬೆಲೆ ಅರ್ಧ ಆಯಿತು. ಎಚ್‌ಆರ್‌ನವರ ಪತ್ರ ಬರೋಕೆ ಎರಡು ತಿಂಗಳು ಹಿಡಿಯಿತು. ಎನ್‌ಎಸ್‌ಇ ಇಷ್ಟು ನಿಧಾನವೇ?

———

ತಂಗೀ, ನಿನ್ನದು ನೌಕರರ ಆಪ್ಷನ್. ಅದನ್ನು ಬದಲಿಸುವುದು ಕಂಪನಿ, ಎಕ್ಸ್‌ಚೇಂಜ್ ಅಲ್ಲ. ಎಕ್ಸ್‌ಚೇಂಜಿನಲ್ಲಿ ಎಕ್ಸ್ ಡೇಟ್‌ನ ಹಿಂದಿನ ಸಂಜೆ ವ್ಯಾಪಾರ ಮುಗಿದ ಮೇಲೆ ಎಲ್ಲರದ್ದೂ ಒಟ್ಟಿಗೇ ಬದಲಾಗುತ್ತದೆ. ಆದರೆ ನೀನು ತಪ್ಪಾಗಿ ಓದಿಕೊಂಡಿದ್ದರಲ್ಲೂ ಒಂದು ಪಾಠವಿದೆ. ಬರೀ ‘ಆಪ್ಷನ್’ ಎಂದು ಬರೆದರೆ ಎರಡೂ ಅರ್ಥ ಬರುತ್ತದೆ.

ಪದಗಳ ವಿಚಾರಕ್ಕೆ ಬಂದರೆ, ನಾವು ಅಂಗಡಿಯಲ್ಲಿ ನೋಟು ಮುರಿಸುತ್ತೇವೆ. ಐನೂರರದ್ದು ಮುರಿಸಿದರೆ ನೂರರದ್ದು ಐದು ಬರುತ್ತದೆ, ಮೊತ್ತ ಅಷ್ಟೇ. ಷೇರಿನಲ್ಲಿ ಆಗುವುದೂ ಅದೇ. ಮನೆ ಪಾಲಾಗುವುದು ಬೇರೆ. ಯಾರ ಪಾಲಿಗೆ ಬಂದದ್ದರ ಬೆಲೆ ಎಷ್ಟು ಎನ್ನುವುದು ಪಾಲಾದ ಮೇಲೇ ತಿಳಿಯುತ್ತದೆ. ಮೊದಲನೆಯದಕ್ಕೆ ‘ಷೇರು ಮುರಿತ’, ಎರಡನೆಯದಕ್ಕೆ ‘ಕಂಪನಿ ಪಾಲು’ ಅನ್ನಬಹುದೇ? ‘ಹೊಂದಾಣಿಕೆ’ ಬದಲಿಗೆ ‘ಸರಿದೂಗಿಸು’ ಇರಲಿ. ತಕ್ಕಡಿ ಕಣ್ಣ ಮುಂದೆ ಬರುತ್ತದೆ, ಭಾಗಿಸಿದರೂ ಕಳೆದರೂ ಒಪ್ಪುತ್ತದೆ. — ಸಾಗರದಿಂದ

———

‘ಮುರಿತ’ ಎಂದರೆ ಮೂಳೆ ಮುರಿತದ ನೆನಪಾಗುತ್ತದೆ, ಷೇರು ಇಟ್ಟುಕೊಂಡವರು ಗಾಬರಿಯಾದಾರು. — ಮೇಷ್ಟ್ರು

———

ಎಲ್ಲರಿಗೂ ಧನ್ಯವಾದ. ‘ಸರಿದೂಗಿಸು’, ‘ಚುಕ್ತಾ’ ಎರಡನ್ನೂ ಎತ್ತಿಕೊಳ್ಳುತ್ತಿದ್ದೇನೆ. ಈ ವಾರದ ತಿದ್ದುಪಡಿ ಹೀಗಿದೆ: “ಒಂದು ಷೇರನ್ನು ಹಲವು ಮಾಡಿದಾಗ ಎಕ್ಸ್‌ಚೇಂಜ್ ಆಪ್ಷನ್‌ನ ಸ್ಟ್ರೈಕ್ ಬೆಲೆಯನ್ನೂ ಲಾಟನ್ನೂ ಸರಿದೂಗಿಸಲಾಗುತ್ತದೆ, ಕರಾರು ಮುಂದುವರಿಯುತ್ತದೆ. ಕಂಪನಿಯ ಒಂದು ಭಾಗ ಬೇರೆಯಾದಾಗ ಹಿಂದಿನ ದಿನವೇ ಕರಾರು ಚುಕ್ತಾ ಆಗುತ್ತದೆ.” ವಾಕ್ಯದಲ್ಲಿ ಬಿಡಿಸಿ ಹೇಳಬಹುದು, ಶೀರ್ಷಿಕೆಗೆ ಮಾತ್ರ ಇಷ್ಟು ಉದ್ದ ಹಿಡಿಸುವುದಿಲ್ಲ. ಅಲ್ಲಿಗೆ ಸದ್ಯ ‘ಸ್ಪ್ಲಿಟ್’, ‘ಡಿಮರ್ಜರ್’ ಎಂದೇ ಬರೆಯುತ್ತೇನೆ. ಸಾಗರದವರ ‘ಪಾಲು’ ನನಗೆ ಹಿಡಿಸಿತು, ಆದರೆ ‘ಕಂಪನಿಯ ಪಾಲು’ ಎಂದರೆ ಷೇರು ಎಂದೂ ಅರ್ಥವಾಗಿಬಿಡುತ್ತದೆ. ಅದರ ಬದಲು ಅದೇ ಅರ್ಥದ ‘ಹಿಸ್ಸೆ’ ಆದೀತೇ? ಆ ಪದವನ್ನು ಹಳೇ ಮೈಸೂರಿನ ಕಡೆಯವರು ಎಷ್ಟರ ಮಟ್ಟಿಗೆ ಬಳಸುತ್ತೀರಿ?