ರಾತ್ರಿ ಹೊತ್ತು ಒಬ್ಬಳೇ ರಿಪೋರ್ಟ್ ತೆರೀಬೇಡ ಪುಟ್ಟಿ

"ದೊಡ್ಡಮ್ಮಾ, ಸೋಮವಾರ ಕುತ್ತಿಗೆಯ ಥೈರಾಯ್ಡ್ ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ಅಂತ ಒಂದು ಹನಿ ತೆಗೆದ್ರು. ಇವತ್ತು ಗುರುವಾರ, ಇನ್ನೂ ರಿಪೋರ್ಟ್ ಬಂದಿಲ್ಲ. ತಡ ಆಗ್ತಿದೆ ಅಂದ್ರೆ ಕೆಟ್ಟದ್ದೇ ಇರಬೇಕಾ? ಗಂಟು ದೊಡ್ಡದಾದ ಹಾಗೂ ಅನ್ನಿಸ್ತಿದೆ. ಮೂರು ರಾತ್ರಿಯಿಂದ ನಿದ್ದೆ ಇಲ್ಲ."

ಪುಟ್ಟಿ, ಈಗಷ್ಟೇ ಕಣದಲ್ಲಿ ಕಾಫಿ ಗುಡ್ಡೆ ಮಾಡಿ ಟಾರ್ಪಲ್ ಮುಚ್ಚಿ ಒಳಗೆ ಬಂದೆ, ನಿನ್ನ ಮೆಸೇಜ್ ಕಣ್ಣಿಗೆ ಬಿತ್ತು. ಉದ್ದ ಆಗುತ್ತೆ, ಆದ್ರೂ ಪೂರ್ತಿ ಕೇಳು. ಗ್ರೂಪಿನಲ್ಲಿರೋರೂ ಕೇಳಿ, ನಾಳೆ ನಿಮಗೂ ಬೇಕಾಗಬಹುದು.

ಮೊದಲು ಒಂದೇ ಮಾತು. ರಿಪೋರ್ಟ್ ಫೋನಿಗೆ ಬಂದ್ರೆ ರಾತ್ರಿ ಹೊತ್ತು ಒಬ್ಬಳೇ ತೆರೀಬೇಡ. ಯಾಕೆ ಹೇಳ್ತೀನಿ ಅಂದ್ರೆ ನಿನ್ನ ದೊಡ್ಡಪ್ಪಂಗೆ ಆಗಿದ್ದು ಅದೇ. ಅವರ ಗಂಟಿನ ಕಥೆ ನಿಮಗೆಲ್ಲ ಗೊತ್ತು, ಆದ್ರೆ ಆ ಶನಿವಾರ ಏನಾಯ್ತು ಅಂತ ಪೂರ್ತಿ ಯಾರಿಗೂ ಹೇಳಿಲ್ಲ. ನಾನು ಮಗಳ ಬಾಣಂತನಕ್ಕೆ ಅಂತ ಕುಶಾಲನಗರದಲ್ಲಿದ್ದೆ. ರಾತ್ರಿ ಒಂಬತ್ತಕ್ಕೆ ಲ್ಯಾಬಿನವರು ವಾಟ್ಸಾಪಿಗೆ ಪಿಡಿಎಫ್ ಹಾಕಿದ್ರು. ಇವರು ಕನ್ನಡಕ ಹಾಕ್ಕೊಂಡು ನೋಡಿದ್ರೆ ಕೊನೇ ಸಾಲಲ್ಲಿ "ಬೆಥೆಸ್ಡಾ ಕೆಟಗರಿ", ಅದರ ಮುಂದೆ ರೋಮನ್ ಅಂಕೆಯಲ್ಲಿ ಮೂರು ಗೀಟು. ಮೂರನೇ ಸ್ಟೇಜು ಅಂದ್ಕೊಂಡ್ರು. ನಂಗೂ ಹೇಳ್ಲಿಲ್ಲ, ಮಕ್ಕಳಿಗೂ ಹೇಳ್ಲಿಲ್ಲ. ಭಾನುವಾರ ಊಟ ಬಿಟ್ರು, ಇನ್ಯಾಕೆ ಅಂತ ಬಿಪಿ ಮಾತ್ರೆನೂ ಬಿಟ್ರು. ಸೋಮವಾರ ಬೆಳಿಗ್ಗೆ ತೋಟದ ಗೇಟಿನ ಹತ್ರ ತಲೆ ಸುತ್ತಿ ಕೂತುಬಿಟ್ಟಿದ್ರಂತೆ. ಆಳುಗಳು ನೋಡಿ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಬಿಪಿ 190. ಗಂಟು ಅವರಿಗೇನೂ ಮಾಡಿರಲಿಲ್ಲ. ತಪ್ಪಾಗಿ ಓದಿದ ಒಂದು ಸಾಲು ಇಷ್ಟೆಲ್ಲ ಮಾಡಿದ್ದು.

ಅದನ್ನ ಸರಿಯಾಗಿ ಹೇಳ್ತೀನಿ ಕೇಳು, ಅಷ್ಟು ವರ್ಷ ಲ್ಯಾಬಿನಲ್ಲಿ ಸ್ಲೈಡಿಗೆ ಬಣ್ಣ ಹಾಕಿದ ಕೈ ನನ್ನದು. ಬೆಥೆಸ್ಡಾ ಅಂದ್ರೆ ಅಮೆರಿಕದ ಒಂದು ಊರು. 2007ರಲ್ಲಿ ಅಲ್ಲಿ ಡಾಕ್ಟರುಗಳು ಸಭೆ ಸೇರಿ, ಥೈರಾಯ್ಡ್ ಗಂಟಿನ ಸೂಜಿ ಪರೀಕ್ಷೆಗೆ ಎಲ್ಲಾ ಕಡೆ ಒಂದೇ ಭಾಷೆಯಲ್ಲಿ ರಿಪೋರ್ಟ್ ಬರೀಬೇಕು ಅಂತ ಆರು ವರ್ಗ ಮಾಡಿದ್ರು. ಅದು ರೋಗದ ಹಂತ ಅಲ್ಲವೇ ಅಲ್ಲ, ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಕಣಗಳು ಹೇಗಿವೆ ಅನ್ನೋದಷ್ಟೇ. ಒಂದು ಅಂದ್ರೆ ಕಣ ಸಾಕಷ್ಟು ಸಿಕ್ಕಿಲ್ಲ, ಮತ್ತೆ ತೆಗೀಬೇಕು. ಎರಡು ಅಂದ್ರೆ ಸಾಧಾರಣ ಗಂಟು, ಹೆಚ್ಚಿನ ಜನಕ್ಕೆ ಬರೋದು ಇದೇ. ಮೂರು ಅಂದ್ರೆ ಕಣ ಒಂಚೂರು ಬೇರೆ ಥರ ಇದೆ, ಹೀಗೇ ಅಂತ ಹೇಳೋಕಾಗಲ್ಲ. ನಾಲ್ಕರಲ್ಲಿ ಆಪರೇಷನ್ನಿನ ಮಾತು ಬರಬಹುದು, ಗಂಟು ತೆಗೆದು ನೋಡಿದ ಮೇಲೇ ಏನು ಅಂತ ಗೊತ್ತಾಗೋದು. ಐದು ಅನುಮಾನ, ಆರು ಮಾತ್ರ ಕ್ಯಾನ್ಸರ್ ಅಂತ ಬಹುತೇಕ ಖಚಿತ. ಮೂರು ಬಂದವರಲ್ಲೂ ಹತ್ತರಲ್ಲಿ ಏಳೆಂಟು ಜನಕ್ಕೆ ಕ್ಯಾನ್ಸರ್ ಇರೋದಿಲ್ಲ. ದೊಡ್ಡಪ್ಪಂಗೆ ಮೂರು ತಿಂಗಳು ಬಿಟ್ಟು ಮತ್ತೆ ಸೂಜಿ ಹಾಕಿದ್ರು, ಎರಡು ಅಂತ ಬಂತು. ಈಗ ಡಾಕ್ಟರ್ ಹೇಳಿದ ಸಮಯಕ್ಕೆ ಸ್ಕ್ಯಾನ್ ಮಾಡಿಸ್ತಾರೆ, ಅಷ್ಟೇ. ನಿನ್ನ ಸ್ಕ್ಯಾನ್ ರಿಪೋರ್ಟಲ್ಲಿ "ಟೈರಾಡ್ಸ್ 4" ಅಂತೇನಾದ್ರೂ ಇದ್ರೆ ಅದೂ ನಾಲ್ಕನೇ ಸ್ಟೇಜ್ ಅಲ್ಲ. ಸ್ಕ್ಯಾನಲ್ಲಿ ಗಂಟು ಹೇಗೆ ಕಾಣುತ್ತೆ ಅಂತ ನೋಡಿ ಕೊಡೋ ಅಂಕಿ ಅದು, ಅದರ ಜೊತೆ ಗಂಟಿನ ಅಳತೆನೂ ನೋಡಿ ಸೂಜಿ ಹಾಕಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ತಾರೆ.

ಇನ್ನು ತಡ ಯಾಕೆ ಅಂದ್ಯಲ್ಲ. ಸೂಜಿಯಲ್ಲಿ ಬಂದ ಹನಿಯನ್ನ ಗಾಜಿನ ಮೇಲೆ ಬಳೀತಾರೆ. ಕೆಲವನ್ನ ಗಾಳಿಗೆ ಒಣಗಿಸ್ತಾರೆ, ಕೆಲವನ್ನ ಹಸಿ ಇರುವಾಗಲೇ ಸ್ಪಿರಿಟ್ಟಿನಲ್ಲಿ ಮುಳುಗಿಸ್ತಾರೆ, ಎರಡಕ್ಕೂ ಬಣ್ಣ ಬೇರೆ. ಆಮೇಲೆ ಡಾಕ್ಟರ್ ಕೂತು ಹುಡುಕಬೇಕು. ಚೆನ್ನಾಗಿ ಕಾಣೋ ಆರು ಗುಂಪಾದ್ರೂ ಸಿಗಬೇಕು, ಒಂದೊಂದು ಗುಂಪಲ್ಲಿ ಹತ್ತು ಕಣವಾದ್ರೂ ಇರಬೇಕು, ಆಗಲೇ ಸ್ಲೈಡ್ ಸಾಕು ಅಂತ ಲೆಕ್ಕ. ಥೈರಾಯ್ಡಿಗೆ ರಕ್ತ ಜಾಸ್ತಿ, ಹಂಗಾಗಿ ಎಷ್ಟೋ ಸ್ಲೈಡಲ್ಲಿ ಬರೀ ರಕ್ತವೇ ತುಂಬಿರುತ್ತೆ, ಗುಂಪು ಹುಡುಕೋಕೆ ಹೊತ್ತು ಹಿಡಿಯುತ್ತೆ. ಅನುಮಾನ ಬಂದ್ರೆ ಇನ್ನೊಬ್ಬ ಡಾಕ್ಟರಿಗೆ ತೋರಿಸ್ತಾರೆ. ನಮ್ಮ ಕಡೆಯಿಂದ ಮೈಸೂರಿಗೋ ಮಂಗಳೂರಿಗೋ ಕಳಿಸಿದ್ರೆ ಹೋಗೋಕೊಂದು ದಿನ ಬೇಕು, ನಡುವೆ ರಜಾ ಬಂದ್ರೆ ಇನ್ನೊಂದು ದಿನ. ಒಳ್ಳೇ ರಿಪೋರ್ಟೂ ಇದೇ ದಾರಿಯಲ್ಲೇ ಬರಬೇಕು. ದಿನ ಎಣಿಸಿ ಒಳಗೇನಿದೆ ಅಂತ ಹೇಳೋಕೆ ನನ್ನಿಂದಲೂ ಆಗ್ತಿರಲಿಲ್ಲ, ಸ್ಲೈಡ್ ಕೈಯಲ್ಲೇ ಇದ್ರೂ.

ಗಂಟು ದೊಡ್ಡದಾಗಿದೆ ಅಂದೆ. ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡ್ತಿದೀಯಾ ಹೇಳು. ಸೂಜಿ ಹೋದ ಕಡೆ ಒಳಗೆ ಸ್ವಲ್ಪ ರಕ್ತ ಕಟ್ಟುತ್ತೆ, ಎರಡು ಮೂರು ದಿನ ಒತ್ತಿದ್ರೆ ನೋವೂ ಇರುತ್ತೆ. ಅದನ್ನೇ ಬೆರಳಲ್ಲಿ ಅಮುಕ್ತಾ ಇದ್ರೆ ಸುತ್ತ ಬಾತುಕೊಂಡು ಇನ್ನೂ ದೊಡ್ಡದಾಗಿ ಸಿಗುತ್ತೆ, ಆಗ ನೀನು ಇನ್ನೂ ಹೆದರಿ ಮತ್ತೆ ಮುಟ್ತೀಯಾ. ರಿಪೋರ್ಟ್ ಬರೋ ತನಕ ಕನ್ನಡಿ ಮುಂದೆ ನಿಲ್ಲೋದು ಬಿಡು. ಕೈ ಕುತ್ತಿಗೆಗೆ ಹೋದ್ರೆ ತಾಳಿ ಸರ ಸರಿ ಮಾಡ್ಕೊಂಡು ಕೆಳಗಿಳಿಸು. ಆದ್ರೆ ಒಂದು ವಿಷಯ. ಕುತ್ತಿಗೆ ನೋಡ್ತಾ ನೋಡ್ತಾ ಊದಿಕೊಂಡ್ರೆ, ಉಸಿರು ಸಿಕ್ಕಿದ ಹಾಗಾದ್ರೆ, ನೀರು ನುಂಗೋಕೆ ಆಗದಿದ್ರೆ, ಆಗ ರಿಪೋರ್ಟ್ ಕಾಯಬಾರದು. ರಾತ್ರಿ ಎಷ್ಟು ಹೊತ್ತಾಗಿದ್ರೂ ಆಸ್ಪತ್ರೆಗೆ ಹೊರಡಿ. ಹಾಗಾಗೋದು ಅಪರೂಪ, ಆದ್ರೂ ಗೊತ್ತಿರಲಿ.

ಹಗಲು ಹೇಗೋ ಕಳೆಯುತ್ತೆ, ರಾತ್ರಿಯದ್ದೇ ಕಷ್ಟ. ಸಾಯಂಕಾಲ ಐದಕ್ಕೆ ಕಾಲು ಗಂಟೆ ಎತ್ತಿಡು, ಜಗಲಿ ಮೇಲೆ ಕೂತು ಏನೇನು ಭಯ ಇದೆ ಎಲ್ಲ ಒಂದು ಹಾಳೆ ಮೇಲೆ ಬರಿ. ಡಾಕ್ಟರ್ ಹತ್ರ ಕೇಳೋವಂಥದ್ದಾದ್ರೆ ಅದರ ಮುಂದೆ ಒಂದು ಗುರುತು ಹಾಕು. ಬೇರೆ ಹೊತ್ತಲ್ಲಿ ಯೋಚನೆ ಬಂದ್ರೆ "ಐದಕ್ಕೆ ನೋಡ್ಕೋತೀನಿ" ಅಂತ ಬಾಯಿಬಿಟ್ಟು ಹೇಳು. ಮೊದಲ ದಿನ ಆಗಲ್ಲ, ಎರಡನೇ ದಿನಕ್ಕೆ ಸ್ವಲ್ಪ ಮಾತು ಕೇಳುತ್ತೆ. ಮಲಗಿ ಇಪ್ಪತ್ತು ನಿಮಿಷ ಆದ್ರೂ ನಿದ್ದೆ ಬರಲಿಲ್ವಾ, ಹಾಸಿಗೆಯಲ್ಲಿ ಹೊರಳಾಡ್ಬೇಡ. ಎದ್ದು ಬೇರೆ ಕೋಣೆಯಲ್ಲಿ ಸಣ್ಣ ದೀಪ ಹಾಕಿ ಕೂತ್ಕೋ, ಬಟ್ಟೆ ಮಡಚು, ಕಣ್ಣು ಎಳೆದಾಗ ಹೋಗಿ ಮಲಕ್ಕೋ. ಎದೆ ಹೊಡ್ಕೊಂಡ್ರೆ ನಾಲ್ಕು ಎಣಿಸೋವಷ್ಟು ಉಸಿರು ತಗೋ, ಆರು ಎಣಿಸೋವಷ್ಟು ನಿಧಾನ ಬಿಡು, ಐದು ನಿಮಿಷ ಮಾಡು. ಬಿಡೋದು ಉದ್ದ ಇರಬೇಕು, ಎದೆಬಡಿತ ಇಳಿಯೋದು ಆಗಲೇ. ಮಧ್ಯಾಹ್ನ ಆದ ಮೇಲೆ ಕಾಫಿ ಬಿಡು. ಕಾಫಿ ತೋಟದ ಮನೆಯಲ್ಲಿ ಇದನ್ನ ಹೇಳೋದು ಕಷ್ಟ, ಆದ್ರೆ ಸಂಜೆಯ ಎರಡು ಲೋಟ ಗಟ್ಟಿ ಕಾಫಿಗೂ ರಾತ್ರಿ ಎದೆ ಹಾರುತ್ತೆ. ಅದನ್ನ ನೀನು ಗಂಟಿನ ಲೆಕ್ಕಕ್ಕೆ ಹಾಕ್ತೀಯಾ.

ಹಗಲಿಗೆ ಕಾಫಿ ಒಣಗಿಸೋ ಕಣದ ಕೆಲಸ ಹಿಡ್ಕೋ, ನಿಮ್ಮಲ್ಲೂ ಈಗ ಕುಯ್ಲು ತಾನೇ. ಹಣ್ಣನ್ನ ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ ಗಂಟೆಗೊಮ್ಮೆ ಕೈಯಾಡಿಸ್ಬೇಕಲ್ಲ, ಆ ಗಂಟೆಯ ಲೆಕ್ಕ ನಿನ್ನದಾಗಲಿ. ಫೋನ್ ಒಳಗೇ ಬಿಟ್ಟು ಹೋಗು. ಒಂದು ಹಿಡಿ ತೆಗೆದು ಕಿವಿ ಹತ್ರ ಅಲ್ಲಾಡಿಸು, ಒಣಗಿದ್ರೆ ಒಳಗೆ ಬೀಜ ಗಲಗಲ ಅನ್ನುತ್ತೆ, ಇಲ್ಲದಿದ್ರೆ ಮಂಕಾಗಿ ಸದ್ದು ಬರುತ್ತೆ. ಕಿವಿ ಅಲ್ಲಿದ್ದಷ್ಟು ಹೊತ್ತು ಮನಸ್ಸು ಬೇರೆ ಕಡೆ ಹೋಗಲ್ಲ. ಟಿವಿ ಮುಂದೆ ಕೂತ್ರೆ ಹಂಗಾಗಲ್ಲ, ಕಣ್ಣು ಅಲ್ಲಿರುತ್ತೆ, ಯೋಚನೆ ಇಲ್ಲಿರುತ್ತೆ.

ಇನ್ನೊಂದು ಮಾತು, ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಆ ಲ್ಯಾಬಿನವರು ಶನಿವಾರ ರಾತ್ರಿ ಒಂದು ಮಾತೂ ಇಲ್ಲದೆ ಪಿಡಿಎಫ್ ತಳ್ಳಿದ್ರಲ್ಲ, "ಡಾಕ್ಟರಿಗೆ ತೋರಿಸಿ, ಇದು ಹಂತ ಅಲ್ಲ" ಅಂತ ಒಂದು ಸಾಲು ಬರೆಯೋಕೆ ಏನು ಖರ್ಚು? ನಾನು ಕೆಲಸ ಮಾಡುವಾಗ ರಿಪೋರ್ಟ್ ಕವರಲ್ಲಿ ಹಾಕಿ, ಕೈಗೆ ಕೊಟ್ಟು, ಯಾವ ರೂಮಿಗೆ ಹೋಗಬೇಕು ಅಂತ ಹೇಳಿ ಕಳಿಸ್ತಿದ್ವಿ. ಇನ್ನು ನಮ್ಮ ಗ್ರೂಪು. ದೊಡ್ಡಪ್ಪ ಆಸ್ಪತ್ರೆಯಲ್ಲಿದ್ದಾಗ ಒಬ್ಬರು ಕೊತ್ತಂಬರಿ ನೀರು ಅಂದ್ರು, ಇನ್ನೊಬ್ಬರು ಯಾರೋ ಸತ್ತ ವೀಡಿಯೋ ಕಳಿಸಿದ್ರು. ಬಂದು ಒಂದು ದಿನ ಆಳುಗಳ ಲೆಕ್ಕ ನೋಡ್ತೀನಿ ಅಂತ ಒಬ್ಬರೂ ಅನ್ನಲಿಲ್ಲ. ಆ ವಾರ ಕುಯ್ದ ಹಣ್ಣು ಚೀಲದಲ್ಲೇ ಕೂತು ಬಿಸಿಯಾಗಿ ಬೂಸ್ಟು ಹಿಡೀತು. ಅದು ನನಗಿನ್ನೂ ಮನಸ್ಸಲ್ಲಿದೆ. ಪುಟ್ಟಿಗೆ ದಯವಿಟ್ಟು ಏನೂ ಫಾರ್ವರ್ಡ್ ಮಾಡಬೇಡಿ. ಕೈಲಾದ್ರೆ ಮಗೂನ ಸ್ಕೂಲಿಂದ ಕರ್ಕೊಂಡು ಬನ್ನಿ, ಒಂದು ಹೊತ್ತಿನ ಸಾರು ಕೊಟ್ಟು ಬನ್ನಿ.

ಮತ್ತೆ ಹೇಳ್ತೀನಿ, ರಾತ್ರಿ ಒಬ್ಬಳೇ ತೆರೀಬೇಡ.

ಅಯ್ಯೋ, ಹೇಳಬೇಕಾದ್ದನ್ನೇ ಮರೆತಿದ್ದೆ. ನಾಳೆ ಬೆಳಿಗ್ಗೆ ಹತ್ತೂವರೆಗೆ ಲ್ಯಾಬಿಗೆ ಒಂದೇ ಒಂದು ಫೋನ್ ಮಾಡು, ಬಿಲ್ಲಿನ ಮೇಲಿರೋ ನಂಬರ್ ಕೈಯಲ್ಲಿಟ್ಟುಕೋ. ಸ್ಲೈಡ್ ಇಲ್ಲೇ ನೋಡ್ತಾರಾ ಹೊರಗೆ ಕಳಿಸಿದ್ದಾರಾ, ಯಾವ ದಿನಕ್ಕೆ ಬರುತ್ತೆ, ಕಣ ಸಾಕಷ್ಟು ಸಿಕ್ಕಿದೆಯಾ, ಈ ಮೂರೇ ಕೇಳು. "ಒಳ್ಳೇದಾ ಕೆಟ್ಟದ್ದಾ" ಅಂತ ಅವರನ್ನ ಕೇಳಬೇಡ. ಅವರು ಹೇಳೋ ಹಾಗಿಲ್ಲ, ಅವರು ಸುಮ್ಮನಾದ್ರೆ ನೀನು ಅದಕ್ಕೂ ಅರ್ಥ ಹುಡುಕ್ತೀಯಾ. ಅವರು ಹೇಳಿದ ದಿನದ ಮಾರನೇ ದಿನಕ್ಕೆ ಡಾಕ್ಟರ್ ಹತ್ರ ಈಗಲೇ ಟೋಕನ್ ಮಾಡಿಸಿಬಿಡು, ರಿಪೋರ್ಟ್ ಬಂದ ಮೇಲೆ ಮಾಡಿಸೋಣ ಅಂದ್ರೆ ಆ ನಡುವಿನ ದಿನಗಳೇ ತಿಂದುಹಾಕುತ್ತೆ. ಲ್ಯಾಬಲ್ಲಿ ವಾಟ್ಸಾಪಿಗೆ ನಿನ್ನ ನಂಬರ್ ತೆಗೆಸಿ ನಿಮ್ಮನೆಯವರ ನಂಬರ್ ಕೊಡು. ಬಂದ್ರೆ ಅವರು ಬಂತು ಅಂತಷ್ಟೇ ಹೇಳಲಿ, ನನಗೆ ಕಳಿಸಲಿ, ನಾನು ಓದಿ ಹೇಳ್ತೀನಿ. ಡಾಕ್ಟರ್ ಹತ್ರ ಹೋಗುವಾಗ ಸ್ಕ್ಯಾನ್ ರಿಪೋರ್ಟು, ಹಳೇ ಥೈರಾಯ್ಡ್ ರಕ್ತದ ರಿಪೋರ್ಟು, ತಗೊಳ್ತಿರೋ ಮಾತ್ರೆಗಳ ಪಟ್ಟಿ, ಆ ಐದು ಗಂಟೆಯ ಹಾಳೆ, ಎಲ್ಲ ಒಂದೇ ಫೈಲಲ್ಲಿ ಹಾಕ್ಕೋ. ನಾನೂ ಬರ್ತೀನಿ, ಬಸ್ ಸ್ಟ್ಯಾಂಡಲ್ಲಿ ಎಂಟೂವರೆಗೆ ಇರ್ತೀನಿ.